ಜನನ ಪ್ರಮಾಣಪತ್ರದ ಪಿಡಿಎಫ್ ಅಸಲಿಯೇ? ಕ್ಯೂಆರ್ ಸ್ಕ್ಯಾನ್ ಆದ ಮೇಲೆ ನೋಡಬೇಕಾದದ್ದು

ಶಾಲಾ ದಾಖಲಾತಿಯ ದಿನಗಳಲ್ಲಿ ಕಚೇರಿಯ ಮೇಜಿಗೆ ಬರುವ ಜನನ ಪ್ರಮಾಣಪತ್ರಗಳಲ್ಲಿ ಹೆಚ್ಚಿನವು ಈಗ ಯಾವುದೋ ಪಿಡಿಎಫ್‌ನ ಪ್ರಿಂಟ್ ಔಟ್‌ಗಳೇ. ಮೂಲೆಯಲ್ಲೊಂದು ಕ್ಯೂಆರ್ ಚೌಕ ಇರುತ್ತದೆ. ಮೊಬೈಲ್ ಹಿಡಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಅದರಲ್ಲೂ ಮಗುವಿನ ಅದೇ ಹೆಸರು, ಅದೇ ಹುಟ್ಟಿದ ದಿನಾಂಕ, ಮೇಲೊಂದು ರಾಷ್ಟ್ರಲಾಂಛನ, ಪಕ್ಕದಲ್ಲಿ ಹಸಿರು ಟಿಕ್. ಸರಿ ಇದೆ ಎಂದು ಕಾಗದ ಕಡತ ಸೇರುತ್ತದೆ. ನಕಲಿ ತಯಾರಿಸುವವರು ನಂಬಿ ಕೂತಿರುವುದೂ ಇಷ್ಟು ಪರಿಶೀಲನೆಯನ್ನೇ.

ಜನನ ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ಈ ಒಂದು ಕಾಗದದ ಮೇಲೆ ಬೀಳುವ ಭಾರ ಹೆಚ್ಚಿದೆ. ಆ ದಿನ ಅಥವಾ ಅದರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಹಾಗಾಗಿ ಮೊದಲ ಬಾರಿ ಅದನ್ನು ಕೈಗೆ ತೆಗೆದುಕೊಳ್ಳುವವರು, ಅಂದರೆ ಬಹುಪಾಲು ಶಾಲೆಯ ಗುಮಾಸ್ತರು, ಅದನ್ನು ಹೇಗೆ ನೋಡುತ್ತಾರೆ ಎನ್ನುವುದು ಮುಂದಿನ ಎಲ್ಲ ದಾಖಲೆಗಳಿಗೂ ಹರಿದುಹೋಗುತ್ತದೆ.

ಆ ಚೌಕದೊಳಗೆ ಇರುವುದೇನು

ಕ್ಯೂಆರ್ ಅಂದರೆ ಯಂತ್ರ ಓದಬಲ್ಲ ರೂಪದಲ್ಲಿ ಬರೆದ ಒಂದು ಸಾಲು ಪಠ್ಯ, ಅಷ್ಟೇ. ಅದರಲ್ಲಿ ಸರ್ಕಾರಿ ಮುದ್ರೆ ಎಂಬುದೇನೂ ಅಡಗಿಲ್ಲ. ಯಾವ ಸಾಲನ್ನು ಕೊಟ್ಟರೂ ಅದಕ್ಕೊಂದು ಚೌಕ ಮಾಡಿಕೊಡುವ ಉಚಿತ ತಾಣಗಳು ಬೇಕಾದಷ್ಟಿವೆ. ಜನನ ಪ್ರಮಾಣಪತ್ರದಲ್ಲಿ ಆ ಸಾಲು ಸಾಮಾನ್ಯವಾಗಿ ಒಂದು ಜಾಲವಿಳಾಸ. ಸ್ಕ್ಯಾನ್ ಆಯಿತು ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಯಾವ ವಿಳಾಸಕ್ಕೆ ಹೋಯಿತು, ಅಲ್ಲಿ ಏನು ಕಂಡಿತು ಎನ್ನುವುದರಿಂದ ಮಾತ್ರ ಏನಾದರೂ ತಿಳಿಯಬಹುದು.

ಎಲ್ಲ ಕ್ಯೂಆರ್‌ಗಳೂ ಹೀಗಲ್ಲ ಎನ್ನುವುದನ್ನೂ ಹೇಳಬೇಕು. ಇ-ಆಧಾರ್‌ನ ಚೌಕದಲ್ಲಿರುವುದು ವಿಳಾಸವಲ್ಲ. ಹೆಸರು, ವಿಳಾಸ, ಚಿಕ್ಕ ಫೋಟೋ ಮುಂತಾದ ಮಾಹಿತಿಯೇ ಯುಐಡಿಎಐನ ಡಿಜಿಟಲ್ ಸಹಿಯೊಂದಿಗೆ ಅದರೊಳಗೆ ಕೂತಿರುತ್ತದೆ. ಮಾಮೂಲಿ ಸ್ಕ್ಯಾನರ್ ಹಿಡಿದರೆ ಉದ್ದನೆಯ ಅಂಕಿಗಳ ಸಾಲು ಕಾಣುತ್ತದೆ. ಅದನ್ನು ನೋಡಿ ಕಾಗದ ನಕಲಿ ಎಂದುಕೊಳ್ಳುವವರಿದ್ದಾರೆ. ಯುಐಡಿಎಐನದೇ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆಪ್ ಆ ಸಹಿಯನ್ನು ತಾಳೆ ನೋಡಿ ಮಾಹಿತಿ ತೋರಿಸುತ್ತದೆ. ಆ ಬಗೆಯ ಚೌಕವನ್ನು ತಿದ್ದಿದರೆ ಸಹಿ ಮುರಿಯುತ್ತದೆ. ಬರೀ ವಿಳಾಸ ಹೊತ್ತ ಚೌಕಕ್ಕೆ ಅಂಥ ರಕ್ಷಣೆ ಇಲ್ಲ, ಅದರ ಬಲವೆಲ್ಲ ಆ ವಿಳಾಸದ್ದು.

ಇನ್ನೊಂದು ಅನುಮಾನ ಪದೇಪದೇ ಬರುತ್ತದೆ: ಪ್ರಿಂಟ್ ಮಸುಕಾಗಿ ಕ್ಯೂಆರ್ ತಪ್ಪು ಪುಟಕ್ಕೆ ಹೋಗಿರಬಹುದೇ? ಹಾಗಾಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಕ್ಯೂಆರ್‌ನಲ್ಲಿ ದೋಷ ಸರಿಪಡಿಸುವ ಹೆಚ್ಚುವರಿ ಅಂಶ ಸೇರಿರುತ್ತದೆ. ಯಾವ ಮಟ್ಟ ಆರಿಸಿದ್ದಾರೆ ಎನ್ನುವುದರ ಮೇಲೆ ಸುಮಾರು 7ರಿಂದ 30 ಶೇಕಡದಷ್ಟು ಹಾಳಾದರೂ ಅದನ್ನು ಪೂರ್ತಿಯಾಗಿ ಓದಬಹುದು. ಅದಕ್ಕಿಂತ ಹೆಚ್ಚು ಹಾಳಾದರೆ ಓದುವುದೇ ಇಲ್ಲ. ಓದಿ ಬೇರೊಂದು ವಿಳಾಸ ತೋರಿಸಿತು ಎಂದರೆ ಅಲ್ಲಿ ಬರೆದಿರುವುದೇ ಆ ವಿಳಾಸ.

ವಿಳಾಸವನ್ನು ಓದುವ ಬಗೆ

ಸ್ಕ್ಯಾನ್ ಮಾಡಿದ ತಕ್ಷಣ ಕೊಂಡಿಯನ್ನು ಒತ್ತಬೇಡಿ. ಫೋನಿನ ಕ್ಯಾಮೆರಾ ವಿಳಾಸದ ಒಂದು ತುಂಡನ್ನು ಮಾತ್ರ ತೋರಿಸುವುದುಂಟು. ಕೊಂಡಿಯನ್ನು ಕಾಪಿ ಮಾಡಿ, ಫೋನಿನ ನೋಟ್ಸ್‌ನಲ್ಲಿ ಪೇಸ್ಟ್ ಮಾಡಿದರೆ ಪೂರ್ತಿ ವಿಳಾಸ ಕಾಣುತ್ತದೆ. ಪಿಡಿಎಫ್ ಅದೇ ಫೋನಿನಲ್ಲಿದ್ದರೆ ಕ್ಯೂಆರ್ ಇರುವ ಭಾಗದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ತೆರೆದರೂ ಆಗುತ್ತದೆ. ಕ್ಯೂಆರ್ ಓದಿಕೊಡುತ್ತೇವೆ, ಪ್ರಮಾಣಪತ್ರ ಪರೀಕ್ಷಿಸಿಕೊಡುತ್ತೇವೆ ಎನ್ನುವ ಯಾವುದೋ ತಾಣಕ್ಕೆ ಮಗುವಿನ ಪಿಡಿಎಫ್ ಹಾಕುವುದು ಬೇಡ. ತಂದೆತಾಯಿಯ ಹೆಸರು, ಮನೆ ವಿಳಾಸ ಎಲ್ಲ ಅದರಲ್ಲಿದೆ.

ಈಗ `https://` ಆದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನಷ್ಟೇ ಗಮನಿಸಿ. ಆ ಭಾಗವನ್ನು ಬಲಗಡೆಯಿಂದ ಎಡಕ್ಕೆ ಓದಿ. ಅಲ್ಲಿ ಬಲತುದಿಯಲ್ಲಿ ಏನಿದೆಯೋ ಅದೇ ತಾಣದ ಯಜಮಾನನ ಗುರುತು. ಎಡಗಡೆ ಎಷ್ಟೇ ಸರ್ಕಾರಿ ಹೆಸರುಗಳಿದ್ದರೂ ಲೆಕ್ಕಕ್ಕಿಲ್ಲ, ಯಜಮಾನ ಅವನ್ನು ತನಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಕೇಂದ್ರದ ನಾಗರಿಕ ನೋಂದಣಿ ಪೋರ್ಟಲ್‌ನ ವಿಳಾಸ `crsorgi.gov.in`, ಈಗ ಬಳಕೆಯಲ್ಲಿರುವ ಹೊಸ ಪೋರ್ಟಲ್ `dc.crsorgi.gov.in`. ಎರಡರ ಬಲತುದಿಯಲ್ಲೂ `gov.in` ಇದೆ, ಮತ್ತು ಅದಕ್ಕೆ ಅಂಟಿಕೊಂಡೇ `crsorgi` ಇದೆ. `gov.in` ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಹೆಸರು. ಬರೀ `.in` ಯಾರು ಬೇಕಾದರೂ ಕೊಳ್ಳಬಹುದಾದದ್ದು.

ನಕಲಿ ತಾಣಗಳ ವಿಳಾಸ ಹೇಗಿರುತ್ತದೆ ಎಂದು ತೋರಿಸಲು ಮೂರು ಮಾದರಿ ಕೆಳಗಿದೆ, ಮೊದಲ ಎರಡರಲ್ಲಿ ಬಳಸಿರುವುದು ಉದಾಹರಣೆಗೆಂದೇ ಮೀಸಲಿಟ್ಟ `example.com` ಎಂಬ ಹೆಸರು:

```
https://crsorgi.gov.in.web.index.php.example.com/view/123
https://crsorgi.gov.in@example.com/view/123
https://crsorgi-gov.in/view/123
```

ಮೊದಲನೆಯದು ಬಹಳ ಜನರನ್ನು ಬೀಳಿಸುವಂಥದ್ದು. ಹಳೆಯ ಅಸಲಿ ಪ್ರಮಾಣಪತ್ರಗಳ ವಿಳಾಸದಲ್ಲಿ `crsorgi.gov.in` ಆದ ಮೇಲೆ ಓರೆಗೆರೆ ಬಂದು `/web/index.php/` ಎಂದು ಮುಂದುವರಿಯುತ್ತಿತ್ತು. ನಕಲಿಯವರು ಓರೆಗೆರೆಯ ಜಾಗದಲ್ಲಿ ಚುಕ್ಕೆ ಇಟ್ಟು ಅದೇ ಪದಗಳನ್ನು ಜೋಡಿಸುತ್ತಾರೆ. ಫೋನಿನ ಸಣ್ಣ ಪರದೆಯಲ್ಲಿ ಎಡತುದಿ ಮಾತ್ರ ಕಂಡರೆ ಅಸಲಿಗೂ ಇದಕ್ಕೂ ವ್ಯತ್ಯಾಸವೇ ತೋರದು. ಎರಡನೆಯದರಲ್ಲಿ `@` ಚಿಹ್ನೆಯ ಹಿಂದಿರುವುದನ್ನು ಬ್ರೌಸರ್ ಬಳಕೆದಾರರ ಹೆಸರು ಎಂದು ತಿಳಿದು ಬದಿಗಿಟ್ಟು `example.com`ಗೆ ಹೋಗುತ್ತದೆ. ಮೂರನೆಯದರಲ್ಲಿ ಚುಕ್ಕೆಯ ಬದಲು ಅಡ್ಡಗೆರೆ ಇದೆ. ಅಂಥ ಹೆಸರು `gov.in` ಅಡಿಯಲ್ಲಿ ಬರುವುದೇ ಇಲ್ಲ, ಅದು ಯಾರಾದರೂ ಕೊಳ್ಳಬಹುದಾದ ಮಾಮೂಲಿ `.in` ಹೆಸರು.

ವಿಳಾಸಪಟ್ಟಿಯ ಬೀಗದ ಗುರುತು ಇದೆಯಲ್ಲ ಎನ್ನಬೇಡಿ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವಿನ ಸಂವಹನ ಗೂಢಲಿಪಿಯಲ್ಲಿದೆ ಎಂದಷ್ಟೇ ಅದರ ಅರ್ಥ. ಕಳ್ಳ ತಾಣಕ್ಕೂ ಅದು ಪುಕ್ಕಟೆಯಾಗಿ ಸಿಗುತ್ತದೆ.

ಆದರೆ `gov.in` ಇಲ್ಲದ್ದೆಲ್ಲ ನಕಲಿ ಎಂಬ ತೀರ್ಮಾನವೂ ತಪ್ಪು. ತಮಿಳುನಾಡಿನ ಜನನ ಮರಣ ನೋಂದಣಿಯ ಅಧಿಕೃತ ತಾಣ ಬಹುಕಾಲ `crstn.org` ಎಂಬ ವಿಳಾಸದಲ್ಲೇ ನಡೆದಿದೆ. ಅಂಥ ಸಂದರ್ಭದಲ್ಲಿ ಆ ರಾಜ್ಯದ ಆರೋಗ್ಯ ಇಲಾಖೆಯ ಅಥವಾ ನಗರಪಾಲಿಕೆಯ `gov.in` ತಾಣದಿಂದ ಹೊರಟು ಕೊಂಡಿ ಹಿಡಿದು ಅಲ್ಲಿಗೆ ತಲುಪಲಾಗುತ್ತದೆಯೇ ನೋಡಬೇಕು. ಪ್ರಮಾಣಪತ್ರದ ಮೇಲೆ ಅಚ್ಚಾಗಿದೆ ಎನ್ನುವುದು ಸಾಕ್ಷಿಯಲ್ಲ. ಆ ಪ್ರಮಾಣಪತ್ರದ ಮೇಲೆಯೇ ಅಲ್ಲವೇ ನಮ್ಮ ಅನುಮಾನ!

ಎಲ್ಲಕ್ಕಿಂತ ಭದ್ರವಾದ ದಾರಿ ಇನ್ನೊಂದಿದೆ: ಕ್ಯೂಆರ್‌ನ ಕೊಂಡಿಯನ್ನು ಬಿಟ್ಟೇಬಿಡುವುದು. ಅಧಿಕೃತ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಅಲ್ಲಿನ ಪರಿಶೀಲನಾ ವಿಭಾಗಕ್ಕೆ ಹೋಗಿ, ಕಾಗದದಲ್ಲಿರುವ ನೋಂದಣಿ ಸಂಖ್ಯೆ ಕೊಟ್ಟು ಹುಡುಕಿ. ಕರ್ನಾಟಕದಲ್ಲಿ ನೋಂದಣಿಯಾದ ಜನನಗಳಿಗೆ ಇ-ಜನ್ಮ ಇದೆ, ವಿಳಾಸ `ejanma.karnataka.gov.in`. ನಮ್ಮಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರೇ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ, ಈ ತಾಣವೂ ಅವರ ವ್ಯವಸ್ಥೆಯದೇ. ಪರಿಶೀಲನಾ ಪುಟ ನಿಮ್ಮಿಂದ ಕೇಳುವುದು ನೋಂದಣಿ ಸಂಖ್ಯೆ, ದಿನಾಂಕ, ಹೆಸರು, ಒಂದು ಕ್ಯಾಪ್ಚಾ, ಇಂಥವನ್ನೇ. ಪರಿಶೀಲಿಸಲು ಹಣ ಕಟ್ಟಿ, ಬ್ಯಾಂಕಿನ ಒಟಿಪಿ ಕೊಡಿ, ಈ ಆಪ್ ಇಳಿಸಿಕೊಳ್ಳಿ ಎಂದರೆ ಅಲ್ಲಿಂದ ಹೊರಬನ್ನಿ.

ಅಸಲಿ ಪುಟ, ತಿದ್ದಿದ ಕಾಗದ

ವಿಳಾಸ ಸರಿಯಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸ್ವಂತ ತಾಣ ಕಟ್ಟಿ ನಕಲಿ ಮಾಡುವುದು ದುಬಾರಿ ದಾರಿ. ಸುಲಭದ ದಾರಿ ಎಂದರೆ ಅಸಲಿ ಪ್ರಮಾಣಪತ್ರವನ್ನೇ ತೆಗೆದುಕೊಂಡು ಒಂದೆರಡು ಅಕ್ಷರ ಮಾತ್ರ ಬದಲಿಸಿ, ಕ್ಯೂಆರ್ ಅನ್ನು ಹಾಗೆಯೇ ಬಿಡುವುದು. ಆಗ ಸ್ಕ್ಯಾನ್ ಮಾಡಿದರೆ ಅಸಲಿ ಸರ್ಕಾರಿ ಪುಟವೇ ತೆರೆಯುತ್ತದೆ, ಅಸಲಿ ದಾಖಲೆಯೇ ಕಾಣುತ್ತದೆ. ಪುಟ ತೆರೆಯಿತು ಎಂದು ಸುಮ್ಮನಾದವರಿಗೆ ತಿದ್ದಿದ್ದು ಕಾಣುವುದಿಲ್ಲ.

ಒಂದು ಕಾಲ್ಪನಿಕ ಪ್ರಕರಣ ನೋಡೋಣ. ಸೊಲ್ಲಾಪುರದಲ್ಲಿ ಹುಟ್ಟಿದ ಮಗುವನ್ನು 2026ರ ಜೂನ್‌ನಲ್ಲಿ ವಿಜಯಪುರದ ಒಂದು ಶಾಲೆಯ 1ನೇ ತರಗತಿಗೆ ಸೇರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮವನ್ನೇ ಹಿಡಿದರೆ (ಸಡಿಲಿಕೆಗಳು ಆಗಾಗ ಬರುತ್ತಿರುತ್ತವೆ, ಆ ಮಾತು ಬೇರೆ) ಮಗು 2020ರ ಜೂನ್ 1ರ ಒಳಗೆ ಹುಟ್ಟಿರಬೇಕು. ಮಗು ಹುಟ್ಟಿದ್ದು 18-07-2020. ಒಂದೂವರೆ ತಿಂಗಳು ಕಡಿಮೆ ಬೀಳುತ್ತದೆ. ಯಾರೋ ಒಬ್ಬರು ಪಿಡಿಎಫ್ ಎಡಿಟರ್‌ನಲ್ಲಿ `07` ಇದ್ದುದನ್ನು `05` ಮಾಡಿಕೊಡುತ್ತಾರೆ. ಕಾಗದದಲ್ಲಿ ಈಗ 18-05-2020.

ಗುಮಾಸ್ತರು ಕ್ಯೂಆರ್ ಹಿಡಿಯುತ್ತಾರೆ. ವಿಳಾಸ `crsorgi.gov.in`ನದೇ. ಪುಟದಲ್ಲಿ ಮಗುವಿನ ಹೆಸರಿದೆ, ತಂದೆ ತಾಯಿಯ ಹೆಸರಿದೆ, ಆಸ್ಪತ್ರೆಯ ಹೆಸರಿದೆ. ಕಣ್ಣು ಮೊದಲು ಹೋಗುವುದು ಹೆಸರಿನ ಮೇಲೆ, ಅದು ಹೊಂದಿದರೆ ಉಳಿದದ್ದನ್ನು ನೋಡಿದೆವೆಂದೇ ಮನಸ್ಸು ತೀರ್ಮಾನಿಸಿಬಿಡುತ್ತದೆ. ಇಲ್ಲಿ ಹೆಸರಿನಲ್ಲಿ ಏನೂ ತಪ್ಪಿಲ್ಲ. ಆದ್ದರಿಂದ ತಾಳೆ ನೋಡುವಾಗ ಹೆಸರಿನಿಂದ ಶುರುಮಾಡುವುದಕ್ಕಿಂತ ಅಂಕಿಗಳಿಂದ ಶುರುಮಾಡುವುದು ಒಳ್ಳೆಯದು. ಪುಟವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಕಾಗದವನ್ನು ಇನ್ನೊಬ್ಬರು ಬೆರಳಿಟ್ಟು ನೋಡಬೇಕು: ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ, ನೋಂದಣಿಯ ದಿನಾಂಕ, ಪ್ರಮಾಣಪತ್ರ ಕೊಟ್ಟ ದಿನಾಂಕ, ಆಮೇಲೆ ಲಿಂಗ, ಹುಟ್ಟಿದ ಸ್ಥಳ, ಹೆಸರುಗಳು. ಪುಟದಲ್ಲಿ 18-07 ಎಂದು ಓದಿದಾಗ ಕಾಗದದ 18-05 ತಾನಾಗಿ ಸಿಕ್ಕಿಬೀಳುತ್ತದೆ. ಎರಡರಲ್ಲಿ ಯಾವುದು ಸರಿ ಎಂಬ ಚರ್ಚೆಗೆ ಜಾಗವಿಲ್ಲ. ನೋಂದಣಿ ಕಚೇರಿಯ ಕಡತದಲ್ಲಿರುವುದೇ ದಾಖಲೆ, ಕಾಗದ ಅದರ ಪ್ರತಿ ಮಾತ್ರ.

ಪುಟ ತೆರೆಯದಿದ್ದ ದಿನವೂ ಈ ತಿದ್ದುಪಡಿಯನ್ನು ಗುರುತಿಸುವ ದಾರಿ ಆ ಕಾಗದದಲ್ಲೇ ಇದೆ. ನೋಂದಣಿಯ ದಿನಾಂಕ 27-07-2020 ಎಂದಿರಲಿ. ಜುಲೈ 18ಕ್ಕೆ ಹುಟ್ಟಿದ ಮಗುವಿನ ನೋಂದಣಿ 9 ದಿನಕ್ಕೆ ಆಗಿದೆ. ಜನನವನ್ನು 21 ದಿನದೊಳಗೆ ತಿಳಿಸಬೇಕು ಎನ್ನುವುದು ಕಾಯ್ದೆಯ ಲೆಕ್ಕ, ಹಾಗಾಗಿ ಇದು ತೀರ ಸಹಜ. ತಿದ್ದಿದ ಕಾಗದದ ಪ್ರಕಾರ ಹೋದರೆ ಮೇ 18ರಿಂದ ಜುಲೈ 27ಕ್ಕೆ 70 ದಿನ. 30 ದಿನ ದಾಟಿದ ನೋಂದಣಿಗೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು, ತಡದ ಶುಲ್ಕವೂ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವಿಷಯದಲ್ಲಿ ಇಷ್ಟು ತಡವಾದದ್ದೇಕೆ ಎಂದು ಕೇಳಲು ಇಷ್ಟು ಸಾಕು. ಕೇಳಲು ಸಾಕು ಎಂದೆ, ನಕಲಿ ಎನ್ನಲು ಸಾಲದು. ತಡವಾಗಿ ನೋಂದಣಿಯಾದ ಅಸಲಿ ಪ್ರಮಾಣಪತ್ರಗಳು ಬೇಕಾದಷ್ಟಿವೆ, 2020ರ ಲಾಕ್‌ಡೌನ್ ತಿಂಗಳುಗಳ ನೋಂದಣಿಗಳಲ್ಲಂತೂ ಇದು ಅಚ್ಚರಿಯಲ್ಲ. ದಿನಾಂಕವನ್ನು ಅಕ್ಷರಗಳಲ್ಲೂ ಬರೆದಿದ್ದರೆ ಅದನ್ನೂ ಓದಿ. ಅಂಕಿ ತಿದ್ದಿದವರು ಅಕ್ಷರ ಮರೆತಿರುವುದುಂಟು.

ಹೆಸರಿನ ಕಾಗುಣಿತದಲ್ಲಿ ವ್ಯತ್ಯಾಸ ಕಂಡರೆ ಬೇರೆ ರೀತಿ ಯೋಚಿಸಬೇಕು. ಪುಟದಲ್ಲಿರುವುದೂ ಕಾಗದದಲ್ಲಿರುವುದೂ ಒಂದೇ ಆಗಿದ್ದು, ಆಧಾರ್‌ನಲ್ಲಿ ಮಾತ್ರ ಬೇರೆ ಕಾಗುಣಿತ ಇದ್ದರೆ ಅದು ತಿದ್ದುಪಡಿ ಮಾಡಿಸಿಕೊಳ್ಳಬೇಕಾದ ಸಂಗತಿ, ಪ್ರಮಾಣಪತ್ರದ ಅಸಲಿತನಕ್ಕೆ ಸಂಬಂಧವಿಲ್ಲ. ಪುಟ ಮತ್ತು ಕಾಗದದ ನಡುವೆಯೇ ವ್ಯತ್ಯಾಸವಿದ್ದರೆ ಪ್ರಮಾಣಪತ್ರ ಕೊಟ್ಟ ನಂತರ ದಾಖಲೆಯಲ್ಲಿ ತಿದ್ದುಪಡಿ ಆಗಿರಬಹುದು. ಆಗ ಪೋಷಕರಿಗೆ ಹೊಸದಾಗಿ ಡೌನ್‌ಲೋಡ್ ಮಾಡಿದ ಪ್ರತಿ ತರಲು ಹೇಳಿದರೆ ವಿಷಯ ಇತ್ಯರ್ಥವಾಗುತ್ತದೆ.

ದಾಖಲೆ ಸಿಗುತ್ತಿಲ್ಲ ಎಂದರೆ

ಪುಟ ತೆರೆದು ದಾಖಲೆ ಲಭ್ಯವಿಲ್ಲ ಎಂದು ಬಂದಾಗ ಹೆಚ್ಚಿನವರು ನಕಲಿ ಎಂದೇ ಬಗೆಯುತ್ತಾರೆ. ಮೊದಲ ಅನುಮಾನ ಟೈಪಿಂಗ್ ಮೇಲಿರಲಿ. ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ಓ ಅಕ್ಷರ, ಓರೆಗೆರೆ ಇರುವಲ್ಲಿ ಅಡ್ಡಗೆರೆ, ಪ್ರಮಾಣಪತ್ರದ ಸಂಖ್ಯೆಯನ್ನು ನೋಂದಣಿ ಸಂಖ್ಯೆಯ ಜಾಗದಲ್ಲಿ ಹಾಕಿದ್ದು, ಇವೆಲ್ಲ ದಿನನಿತ್ಯದ ತಪ್ಪುಗಳು.

ಎರಡನೆಯದಾಗಿ, ತಪ್ಪು ತಾಣದಲ್ಲಿ ಹುಡುಕಿರಬಹುದು. ಇಡೀ ದೇಶಕ್ಕೆ ಒಂದೇ ತಾಣ ಎಂದುಕೊಂಡು ಇ-ಜನ್ಮದ ಪ್ರಮಾಣಪತ್ರವನ್ನು ಕೇಂದ್ರದ ಪೋರ್ಟಲ್‌ನಲ್ಲಿ ಹುಡುಕುವವರಿದ್ದಾರೆ. ಕರ್ನಾಟಕ, ತಮಿಳುನಾಡು, ಕೇರಳದಂಥ ರಾಜ್ಯಗಳು ತಮ್ಮದೇ ವ್ಯವಸ್ಥೆ ಕಟ್ಟಿಕೊಂಡು ನಡೆಸಿದವು. ಮಗು ಹುಟ್ಟಿದ್ದು ಎಲ್ಲಿ, ನೋಂದಣಿ ಘಟಕ ಯಾವುದು ಎಂದು ಕಾಗದದಲ್ಲಿ ನೋಡಿಕೊಂಡು ಆ ರಾಜ್ಯದ ತಾಣಕ್ಕೇ ಹೋಗಬೇಕು. ಪೋರ್ಟಲ್ ಬದಲಾದಾಗ ಹಳೆಯ ಕ್ಯೂಆರ್‌ನ ಕೊಂಡಿ ಸತ್ತುಹೋಗಿರುವುದೂ ಉಂಟು. ಅಸಲಿ ವಿಳಾಸ, ಆದರೆ ಪುಟವಿಲ್ಲ. ಅಂಥ ಕಡೆ ಹೊಸ ಪ್ರತಿ ತರಿಸುವುದೇ ಸರಿ.

ಮೂರನೆಯ ಕಾರಣ ಹಳೆಯ ದಾಖಲೆಗಳದ್ದು. ಕೈಬರಹದ ಪುಸ್ತಕದಲ್ಲಿ ಮಾತ್ರ ಇರುವ ನೋಂದಣಿಗಳು ಎಲ್ಲ ಕಡೆ ಕಂಪ್ಯೂಟರಿಗೆ ಏರಿಲ್ಲ. ಅವುಗಳ ವಿಷಯದಲ್ಲಿ ಯಾವ ಪುಟವೂ ಉತ್ತರ ಕೊಡಲಾರದು. ನೋಂದಣಿ ಘಟಕಕ್ಕೆ ಪತ್ರ ಬರೆದು, ನೋಂದಣಿ ಸಂಖ್ಯೆ ಮತ್ತು ದಿನಾಂಕ ತಿಳಿಸಿ, ನೈಜತೆ ದೃಢೀಕರಿಸಿ ಎಂದು ಕೇಳಬೇಕು. ಆ ಕಚೇರಿಯ ದೂರವಾಣಿ ಅಥವಾ ಇಮೇಲ್ ಅನ್ನು ಪ್ರಮಾಣಪತ್ರದಿಂದ ತೆಗೆದುಕೊಳ್ಳದೆ ಪಾಲಿಕೆಯ ಅಥವಾ ಜಿಲ್ಲೆಯ ಅಧಿಕೃತ ತಾಣದಿಂದ ತೆಗೆದುಕೊಳ್ಳಿ.

ಪಿಡಿಎಫ್‌ನೊಳಗಿನ ಸಹಿ

ಮುದ್ರಿತ ಪ್ರತಿಯ ಬದಲು ಮೂಲ ಪಿಡಿಎಫ್ ಕೈಗೆ ಬಂದರೆ ಇನ್ನೊಂದು ಸಾಧನ ಸಿಗಬಹುದು. ಕೆಲವು ಪ್ರಮಾಣಪತ್ರಗಳಿಗೆ ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ. ಸಹಿಯ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಕಡತದ ಪ್ರತಿಯೊಂದು ಬೈಟ್‌ಗೂ ತಳಕು ಹಾಕಿಕೊಂಡ ಲೆಕ್ಕ ಅದು. ಮೊಬೈಲಿನ ಹೆಚ್ಚಿನ ಪಿಡಿಎಫ್ ಆಪ್‌ಗಳು ಅದನ್ನು ತೋರಿಸುವುದೇ ಇಲ್ಲ, ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಲ್ಲಿ ತೆರೆದು ಸಿಗ್ನೇಚರ್ ಪ್ಯಾನೆಲ್ ನೋಡಬೇಕು. ಪ್ಯಾನೆಲ್ ಖಾಲಿ ಇದ್ದು ಪುಟದ ಮೇಲೆ ಹಸಿರು ಟಿಕ್ ಚಿತ್ರವಿದ್ದರೆ ಅದು ಚಿತ್ರ ಮಾತ್ರ.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ, ಅವನ್ನು ಬೆರೆಸಬಾರದು. `Document has not been modified since this signature was applied` ಎಂದರೆ ಸಹಿಯಾದ ನಂತರ ಯಾರೂ ಕೈ ಹಾಕಿಲ್ಲ. `Document has been altered or corrupted since the signature was applied` ಎಂದರೆ ಕೈ ಹಾಕಿದ್ದಾರೆ ಅಥವಾ ಕಡತ ಕೆಟ್ಟಿದೆ. ಇದು ಬದಲಾವಣೆಯ ಪ್ರಶ್ನೆ. ಸಹಿ ಯಾರದು ಎನ್ನುವುದು ಇನ್ನೊಂದು ಪ್ರಶ್ನೆ. ಭಾರತದ ಡಿಜಿಟಲ್ ಸಹಿಗಳಿಗೆ ಮೂಲವಾಗಿರುವ ಸರ್ಕಾರಿ ನಿಯಂತ್ರಕರ, ಅಂದರೆ ಸಿಸಿಎಯ, ಡಿಜಿಟಲ್ ಪ್ರಮಾಣಪತ್ರ ನಿಮ್ಮ ರೀಡರ್‌ನ ನಂಬಿಕಸ್ಥರ ಪಟ್ಟಿಯಲ್ಲಿ ಇಲ್ಲದಿದ್ದರೆ ಅಸಲಿ ಕಡತಕ್ಕೂ ಹಳದಿ ಗುರುತು, `Validity unknown` ಎಂಬ ಮಾತು ಬರುತ್ತದೆ. ಹಳದಿ ಎಂದರೆ ನಕಲಿ ಎಂದಲ್ಲ, ಸಹಿ ಮಾಡಿದವರನ್ನು ರೀಡರ್ ಗುರುತಿಸಲಿಲ್ಲ ಎಂದಷ್ಟೇ.

ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇದೇ ಎರಡು ಉತ್ತರಗಳನ್ನು ಪಾಪ್ಲರ್ ಪ್ಯಾಕೇಜಿನ ಒಂದು ಆಜ್ಞೆ ಬೇರೆಬೇರೆ ಸಾಲುಗಳಲ್ಲಿ ಕೊಡುತ್ತದೆ:

```
pdfsig janana.pdf

  - Total document signed
  - Signature Validation: Signature is Valid.
  - Certificate Validation: Certificate issuer is unknown.
```

ಮಧ್ಯದ ಸಾಲು ಬದಲಾವಣೆಯ ಪ್ರಶ್ನೆಗೆ ಉತ್ತರ, ಕೊನೆಯದು ಯಾರ ಸಹಿ ಎಂಬುದಕ್ಕೆ. ಮೊದಲ ಸಾಲಿನಲ್ಲಿ `Not total document signed` ಎಂದಿದ್ದರೆ ಸಹಿಯಾದ ನಂತರ ಕಡತಕ್ಕೆ ಏನೋ ಸೇರಿದೆ, ಏನೆಂದು ನೋಡಬೇಕು.

ಹಳದಿ ಗುರುತನ್ನು ಹಸಿರು ಮಾಡುವ ವಿಡಿಯೋಗಳು ಬಹಳ ಓಡಾಡುತ್ತವೆ: ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಸಹಿ ಮಾಡಿದವರ ಪ್ರಮಾಣಪತ್ರ ತೆರೆದು, ಟ್ರಸ್ಟ್ ಟ್ಯಾಬ್‌ನಲ್ಲಿ ನಂಬಿಕಸ್ಥರ ಪಟ್ಟಿಗೆ ಸೇರಿಸಿ ಎನ್ನುತ್ತವೆ. ಹಾಗೆ ಮಾಡಿದರೆ ಯಾರ ಸಹಿಯಾದರೂ ಹಸಿರಾಗುತ್ತದೆ, ಯಾಕೆಂದರೆ ನಂಬುತ್ತೇನೆ ಎಂದು ಹೇಳಿದ್ದು ನೀವೇ. ಮನೆಯಲ್ಲಿ ಕೂತು ತಯಾರಿಸಿದ ಸಹಿಗೂ ಇದೇ ಹಸಿರು ಬರುತ್ತದೆ. ಸೇರಿಸುವ ಮೊದಲು ಪ್ರಮಾಣಪತ್ರಗಳ ಸರಪಳಿಯ ತುದಿಯಲ್ಲಿ ಸಿಸಿಎಯ ಮೂಲ ಪ್ರಮಾಣಪತ್ರ ಇದೆಯೇ ನೋಡಿ. `CCA India` ಎಂಬ ಹೆಸರೊಂದೇ ಸಾಲದು, ಆ ಹೆಸರನ್ನೂ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. `cca.gov.in`ನಿಂದ ನೀವೇ ಇಳಿಸಿಕೊಂಡ ಮೂಲ ಪ್ರಮಾಣಪತ್ರದ ಫಿಂಗರ್‌ಪ್ರಿಂಟ್ ಎಂಬ ಗುರುತಿನ ಅಂಕಿಗಳಿಗೂ ಇದರದಕ್ಕೂ ಹೊಂದಾಣಿಕೆ ಆಗಬೇಕು.

ಸಹಿ ಉಳಿಯಬೇಕಾದರೆ ಕಡತ ಡೌನ್‌ಲೋಡ್ ಆದ ಹಾಗೆಯೇ ಬರಬೇಕು. ಪೋಷಕರು ಪಿಡಿಎಫ್ ತೆರೆದು ಪ್ರಿಂಟ್ ಒತ್ತಿ ಮತ್ತೆ ಪಿಡಿಎಫ್ ಆಗಿ ಉಳಿಸಿದರೆ ನೋಡಲು ಅದೇ, ಒಳಗೆ ಸಹಿ ಇರುವುದಿಲ್ಲ. ಸೈಬರ್ ಸೆಂಟರ್‌ನಲ್ಲಿ ಅಳತೆ ಕಡಿಮೆ ಮಾಡಿಸಿದರೂ ಅದೇ ಗತಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸಹಿ ಕಾಣದ ಪಿಡಿಎಫ್ ನಕಲಿ ಎಂದೇನಲ್ಲ, ಅದು ತನ್ನ ಪರವಾಗಿ ಏನೂ ಹೇಳಲಾರದು. ಹಾಗಾದಾಗ ಪರಿಶೀಲನಾ ಪುಟಕ್ಕೇ ಮರಳಬೇಕು.

ಡಿಜಿಲಾಕರ್ ತೋರಿಸುವವರ ವಿಷಯದಲ್ಲಿ ನೋಡಬೇಕಾದದ್ದು ಒಂದೇ: ದಾಖಲೆ ಇಶ್ಯೂಡ್ ವಿಭಾಗದಲ್ಲಿದೆಯೇ, ಅಥವಾ ಅವರೇ ಅಪ್‌ಲೋಡ್ ಮಾಡಿಕೊಂಡದ್ದೇ. ಇಲಾಖೆಯಿಂದ ನೇರವಾಗಿ ಬಂದದ್ದಕ್ಕೆ 2016ರ ಡಿಜಿಟಲ್ ಲಾಕರ್ ನಿಯಮಗಳು, 2017ರ ತಿದ್ದುಪಡಿಯೊಂದಿಗೆ, ಮೂಲ ಪ್ರತಿಯ ಸ್ಥಾನ ಕೊಡುತ್ತವೆ. ಅಪ್‌ಲೋಡ್ ಮಾಡಿದ್ದನ್ನು ಯಾರೂ ಪರಿಶೀಲಿಸಿಲ್ಲ. ಸ್ಕ್ರೀನ್‌ಶಾಟ್ ಬೇಡ, ಆಪ್ ತೆರೆದು ನಿಮ್ಮ ಮುಂದೆಯೇ ತೋರಿಸಲಿ.

ಪುಟ ಹೇಳಲಾರದ್ದು

ವಿಳಾಸ ಸರಿ, ದಾಖಲೆ ಸಿಕ್ಕಿತು, ಪ್ರತಿ ಅಂಕಿಯೂ ಹೊಂದಿತು. ಆಗ ಸಾಬೀತಾದದ್ದು ಇಂಥ ಜನನ ಇಂಥ ಕಚೇರಿಯಲ್ಲಿ ಹೀಗೆ ನೋಂದಣಿಯಾಗಿದೆ ಎಂಬುದು. ಎದುರಿಗೆ ನಿಂತಿರುವ ಮಗು ಅದೇ ಎನ್ನುವುದನ್ನು ಪುಟ ಹೇಳುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ಫೋಟೋ ಇಲ್ಲ. ಅದಕ್ಕೆ ಪೋಷಕರ ಗುರುತಿನ ಚೀಟಿಯ ಹೆಸರನ್ನು ಪ್ರಮಾಣಪತ್ರದ ತಂದೆತಾಯಿ ಹೆಸರಿನೊಂದಿಗೆ ಹೋಲಿಸುವುದು ಬೇರೆಯದೇ ಹೆಜ್ಜೆ. ನೋಂದಣಿಯ ಹೊತ್ತಿನಲ್ಲೇ ಸುಳ್ಳು ಮಾಹಿತಿ ಕೊಟ್ಟಿದ್ದರೆ ಅದೂ ಪುಟದಲ್ಲಿ ಸತ್ಯದಂತೆಯೇ ಕಾಣುತ್ತದೆ.

ಪರಿಶೀಲಿಸಿದ ಮೇಲೆ ಕಡತದಲ್ಲಿ ಒಂದು ಸಾಲು ಬರೆದಿಡಿ: ಯಾವ ದಿನ, ಯಾವ ವಿಳಾಸದಲ್ಲಿ, ಯಾವ ಸಂಖ್ಯೆ ಕೊಟ್ಟು, ಏನು ಕಂಡಿತು, ನೋಡಿದವರ ಸಹಿ. ಪುಟದ ಪ್ರಿಂಟ್ ತೆಗೆದರೆ ಮೇಲ್ಭಾಗದ ವಿಳಾಸವೂ ಅದರಲ್ಲಿ ಬರುವಂತೆ ನೋಡಿಕೊಳ್ಳಿ, ವಿಳಾಸವಿಲ್ಲದ ಪ್ರಿಂಟ್‌ಗೆ ಬೆಲೆಯಿಲ್ಲ.

ವ್ಯತ್ಯಾಸ ಸಿಕ್ಕಿದರೆ ಪೋಷಕರ ಮೇಲೆ ಎಗರಬೇಡಿ. ಬೇಗ ಮಾಡಿಸಿಕೊಡುತ್ತೇನೆಂದ ಯಾರಿಗೋ ದುಡ್ಡು ಕೊಟ್ಟು, ತಮ್ಮ ಕೈಗೆ ಬಂದದ್ದು ಅಸಲಿಯೆಂದೇ ನಂಬಿದವರು ಅವರಲ್ಲಿ ಇರುತ್ತಾರೆ. ನೀವು ಕಂಡ ವ್ಯತ್ಯಾಸವನ್ನು ಬರೆದು, ಕಾಗದದ ಪ್ರತಿಯೊಂದಿಗೆ ನೋಂದಣಿ ಘಟಕಕ್ಕೆ ಕಳಿಸಿ, ನಕಲಿಯೋ ಅಲ್ಲವೋ ಎಂದು ಹೇಳುವ ಅಧಿಕಾರ ಅವರದು. ಅಲ್ಲಿಯವರೆಗೆ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 14(2)ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ದಾಖಲಾತಿ ಪುಸ್ತಕದಲ್ಲಿ ಜನ್ಮದಿನಾಂಕದ ಪಕ್ಕ ಪರಿಶೀಲನೆ ಬಾಕಿ ಎಂದು ಗುರುತು ಹಾಕಿ, ಉತ್ತರ ಬಂದ ಮೇಲೆ ಅಂತಿಮಗೊಳಿಸಿದರಾಯಿತು.